ಆರೂವರೆ ಪರ್ಸೆಂಟ್ ಬಡ್ಡಿಯ ಉಳಿತಾಯ ಖಾತೆ: ಮೂರು ವರ್ಷದ ಲೆಕ್ಕ

ನಮ್ಮದು ಗಂಗಾವತಿ ಹತ್ತಿರದ ಹಳ್ಳಿ, ಕಾಲುವೆ ನೀರಿನ ಭತ್ತದ ಹೊಲ. ಕೊಯ್ಲು ಮುಗಿದು ರೈಸ್ ಮಿಲ್‌ನಿಂದ ಹಣ ಬಂದಾಗ ಒಮ್ಮೆಗೇ ಬರುತ್ತದೆ. ಆಮೇಲೆ ಗೊಬ್ಬರದಂಗಡಿ ಬಾಕಿ, ಗುತ್ತಿಗೆ ಹಣ, ಆಳಿನ ಕೂಲಿ ಎಂದು ಎರಡು ಮೂರು ತಿಂಗಳಲ್ಲಿ ಕರಗುತ್ತದೆ. ಅಷ್ಟು ದಿನಕ್ಕೆ ಎಫ್‌ಡಿ ಮಾಡಿ ಮುರಿಸುವ ರಗಳೆ ಬೇಡವೆಂದು 2022ರಲ್ಲಿ ಒಂದು ಸ್ಮಾಲ್ ಫೈನಾನ್ಸ್ ಬ್ಯಾಂಕಿನಲ್ಲಿ ಉಳಿತಾಯ ಖಾತೆ ತೆರೆದೆ. ಖಾತೆ ಮಾಡಿಸಿದ ಹುಡುಗ ಹೇಳಿದ್ದು ಇಷ್ಟೇ: 'ಅಣ್ಣಾ, ಐದು ಲಕ್ಷ ದಾಟಿದ್ರೆ ಆರೂವರೆ ಪರ್ಸೆಂಟ್ ಬೀಳತೈತಿ.'

ಆಗಿನ ದರಪಟ್ಟಿ ಹೀಗಿತ್ತು. 1 ಲಕ್ಷದವರೆಗೆ ಶೇ. 3, ಅದರ ಮೇಲೆ 5 ಲಕ್ಷದವರೆಗೆ ಶೇ. 5, 5 ಲಕ್ಷದ ಮೇಲೆ ಶೇ. 6.5. 2023ರ ಜನವರಿ ಪೂರ್ತಿ ನನ್ನ ಖಾತೆಯಲ್ಲಿ 6 ಲಕ್ಷ ಇತ್ತು. ಫೆಬ್ರವರಿ 1ಕ್ಕೆ 2 ಲಕ್ಷ ತೆಗೆದೆ. ಮಾರ್ಚ್ ಕೊನೆಯವರೆಗೆ 4 ಲಕ್ಷ ಹಾಗೇ ಇತ್ತು. ಜನವರಿಗೆ ಆರೂ ಲಕ್ಷಕ್ಕೆ ಶೇ. 6.5, ಆಮೇಲಿನ ಎರಡು ತಿಂಗಳು ಪೂರ್ತಿ 4 ಲಕ್ಷಕ್ಕೆ ಶೇ. 5 ಎಂದು ಹಿಡಿದು, ಮೂರು ತಿಂಗಳಿಗೆ ಸುಮಾರು 6,545 ರೂಪಾಯಿ ಬರಬೇಕೆಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ಪಾಸ್‌ಬುಕ್‌ನಲ್ಲಿ ಬಿದ್ದದ್ದು 5,415.

ಬೇಸರದಿಂದಲೇ ಶಾಖೆಗೆ ಹೋದೆ. ಮ್ಯಾನೇಜರ್ ಮೇಡಂ ಕೂರಿಸಿ, ಹಾಳೆಯ ಮೇಲೆ ಬರೆದು ತೋರಿಸಿದರು. 6 ಲಕ್ಷ ಇದ್ದರೆ ಆರೂ ಲಕ್ಷಕ್ಕೆ ಆರೂವರೆ ಸಿಗುವುದಿಲ್ಲ. ಮೊದಲ 1 ಲಕ್ಷಕ್ಕೆ ಶೇ. 3ರಂತೆ ವರ್ಷಕ್ಕೆ 3,000, ನಡುವಿನ 4 ಲಕ್ಷಕ್ಕೆ ಶೇ. 5ರಂತೆ 20,000, ಮೇಲಿನ 1 ಲಕ್ಷಕ್ಕೆ ಮಾತ್ರ ಶೇ. 6.5ರಂತೆ 6,500. ಒಟ್ಟು 29,500. ಅಂದರೆ ನಿಜವಾಗಿ ಕೈಗೆ ಬರುವ ದರ ಶೇ. 4.9ರ ಆಸುಪಾಸು. ಇದನ್ನು 365ರಿಂದ ಭಾಗಿಸಿ 31 ದಿನಕ್ಕೆ ಗುಣಿಸಿದರೆ ಜನವರಿಯ ಬಡ್ಡಿ 2,505. 4 ಲಕ್ಷಕ್ಕೆ ಇದೇ ಲೆಕ್ಕದಲ್ಲಿ ವರ್ಷಕ್ಕೆ 18,000, ಅದರಲ್ಲಿ 59 ದಿನಕ್ಕೆ 2,910. ಎರಡೂ ಕೂಡಿದರೆ 5,415. ಬ್ಯಾಂಕಿನ ಲೆಕ್ಕ ಸರಿಯಿತ್ತು. ಹುಡುಗ ಅರ್ಧ ಹೇಳಿದ್ದ, ನಾನು ಪೂರ್ತಿ ಕೇಳಿರಲಿಲ್ಲ.

ಕೆಲವು ಬ್ಯಾಂಕುಗಳು ಮಿತಿ ದಾಟಿದ ದಿನ ಪೂರ್ತಿ ಮೊತ್ತಕ್ಕೇ ಮೇಲಿನ ದರ ಕೊಡುವುದೂ ಉಂಟು. ಆದ್ದರಿಂದ ದರಪಟ್ಟಿಯ ಕೆಳಗಿನ ಸಣ್ಣಕ್ಷರದಲ್ಲಿ 'ಇನ್‌ಕ್ರಿಮೆಂಟಲ್ ಬ್ಯಾಲೆನ್ಸ್' ಎಂಬ ಮಾತು ಇದೆಯೇ ನೋಡಿ. ಇದ್ದರೆ ಮೇಲಿನ ದರ ಮಿತಿ ದಾಟಿದ ಹಣಕ್ಕಷ್ಟೇ. ಎರಡರಲ್ಲೂ ಎಣಿಕೆಗೆ ಬರುವುದು ಪ್ರತಿ ದಿನದ ಕೊನೆಯಲ್ಲಿ ಉಳಿದ ಹಣ. 2010ರ ಏಪ್ರಿಲ್ 1ಕ್ಕೂ ಮುಂಚೆ ತಿಂಗಳ 10ರಿಂದ ಕೊನೆಯ ದಿನದವರೆಗಿನ ಅತಿ ಕಡಿಮೆ ಮೊತ್ತಕ್ಕೆ ಬಡ್ಡಿ ಕಟ್ಟುತ್ತಿದ್ದರು. ನಮ್ಮ ಅಪ್ಪ 'ಹತ್ತನೇ ತಾರೀಖಿನೊಳಗ ಕಟ್ಟಿ ಬಾ' ಎಂದು ಓಡಿಸುತ್ತಿದ್ದುದು ಅದಕ್ಕೇ.

ಹೆಚ್ಚು ಹಣಕ್ಕೆ ಹೆಚ್ಚು ದರ ಯಾಕೆ ಎಂದೂ ಮೇಡಂಗೆ ಕೇಳಿದೆ. 2,000 ರೂಪಾಯಿ ಇರುವ ಖಾತೆಗೂ 6 ಲಕ್ಷದ ಖಾತೆಗೂ ಕೆವೈಸಿ, ಪಾಸ್‌ಬುಕ್, ಎಸ್‌ಎಂಎಸ್, ಕೌಂಟರ್ ಖರ್ಚು ಹೆಚ್ಚುಕಡಿಮೆ ಒಂದೇ. ದೊಡ್ಡ ಮೊತ್ತದಲ್ಲಿ ಆ ಖರ್ಚು ರೂಪಾಯಿಗೆ ಇಷ್ಟೆಂದು ಹಂಚಿಹೋಗಿ ಬಹಳ ಸಣ್ಣದಾಗುತ್ತದೆ. ಉಳಿದದ್ದರಲ್ಲಿ ಸ್ವಲ್ಪವನ್ನು ಬಡ್ಡಿಯಾಗಿ ಕೊಡಲು ಬ್ಯಾಂಕಿಗೆ ಜಾಗ ಸಿಗುತ್ತದೆ. ಇನ್ನೊಂದು, 2,000 ಇಟ್ಟವರು ಅರ್ಧ ಪರ್ಸೆಂಟ್‌ಗಾಗಿ ಬ್ಯಾಂಕ್ ಬದಲಿಸುವುದಿಲ್ಲ, 6 ಲಕ್ಷದವರು ಬದಲಿಸುತ್ತಾರೆ. 2011ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಉಳಿತಾಯ ಖಾತೆಯ ದರವನ್ನು ಬ್ಯಾಂಕುಗಳಿಗೇ ಬಿಟ್ಟಿತು. 1 ಲಕ್ಷದವರೆಗೆ ಎಲ್ಲರಿಗೂ ಒಂದೇ ದರ ಇರಬೇಕು, ಅದರ ಮೇಲೆ ಬೇರೆ ಬೇರೆ ಇಡಬಹುದು ಎಂದಿತು. ನನ್ನ ಬ್ಯಾಂಕಿನ ಮೊದಲ ಮೆಟ್ಟಿಲು ಸರಿಯಾಗಿ 1 ಲಕ್ಷಕ್ಕೆ ನಿಂತಿರುವುದರ ಹಿಂದೆ ಈ ನಿಯಮವಿದೆ.

ನನ್ನನ್ನು ನಿಜವಾಗಿ ಯೋಚನೆಗೆ ಹಚ್ಚಿದ್ದು ಬೇರೆ. ಬ್ಯಾಂಕ್ ಮುಳುಗಿದರೆ ನಮ್ಮ ಹಣ ತುಂಬಿಕೊಡುವ ಠೇವಣಿ ವಿಮೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ಮಾತ್ರ. ಆರೂವರೆ ಶುರುವಾಗುವುದೂ ಅಲ್ಲಿಂದಲೇ. ಅಂದರೆ ಅತಿ ಹೆಚ್ಚು ಬಡ್ಡಿ ತರುವ ಆ ಮೇಲಿನ 1 ಲಕ್ಷವೇ ವಿಮೆಯ ಹೊರಗಿರುವ ಹಣ. ಶೇ. 5ಕ್ಕೂ ಶೇ. 6.5ಕ್ಕೂ ಆ ಲಕ್ಷದ ಮೇಲೆ ವರ್ಷಕ್ಕೆ 1,500 ರೂಪಾಯಿ ವ್ಯತ್ಯಾಸ, ನಾನು ಇಡುವ ಮೂರು ತಿಂಗಳಿಗೆ 375. ವರ್ಷವಿಡೀ ಕೆಸರಿನಲ್ಲಿ ನಿಂತು ಗಳಿಸಿದ ಹಣವನ್ನು 375 ರೂಪಾಯಿಗಾಗಿ ವಿಮೆಯಿಲ್ಲದೆ ಬಿಡಲು ನನಗೆ ಮನಸ್ಸಾಗಲಿಲ್ಲ.

ಹಣವನ್ನು ಎರಡು ಕಡೆ ಸರಿಸಮ ಹಂಚುವುದೂ ನಷ್ಟವೇ. ಇಂಥದ್ದೇ ದರದ ಎರಡು ಬ್ಯಾಂಕುಗಳಲ್ಲಿ ಮೂರು ಮೂರು ಲಕ್ಷ ಇಟ್ಟರೆ ಶೇ. 3ರ ಮೆಟ್ಟಿಲನ್ನು ಎರಡು ಸಲ ಹತ್ತಬೇಕು. ವರ್ಷಕ್ಕೆ 26,000 ಮಾತ್ರ ಬರುತ್ತದೆ.

ಖಾತೆ ಇನ್ನೂ ಇಟ್ಟುಕೊಂಡಿದ್ದೇನೆ, ಐದಕ್ಕೆ ಮೂರೂವರೆ ಅಂಕ. ಶಾಖೆಯವರು ಬಿಚ್ಚಿ ಹೇಳುತ್ತಾರೆ, ಬಡ್ಡಿ ತಪ್ಪದೆ ಬೀಳುತ್ತದೆ. ಆದರೆ ಉಳಿತಾಯದ ದರ ಎಫ್‌ಡಿಯಂತೆ ಕಟ್ಟಿಟ್ಟದ್ದಲ್ಲ. ಈ ಮೂರು ವರ್ಷದಲ್ಲಿ ಎರಡು ಸಲ ಇಳಿದಿದೆ, ನಾನು ಪಟ್ಟಿ ನೋಡಿದಾಗಲೇ ಗೊತ್ತಾದದ್ದು. ಈಗ ಭತ್ತದ ಹಣ ಬಂದಾಗ 4,80,000 ಇಲ್ಲಿ ಬಿಡುತ್ತೇನೆ, ಮಿಕ್ಕಿದ್ದು ಊರಿನ ಸರ್ಕಾರಿ ಬ್ಯಾಂಕಿಗೆ ಹೋಗುತ್ತದೆ, ಗೊಬ್ಬರದಂಗಡಿ ಬಾಕಿಯನ್ನು ಮೊದಲು ಅಲ್ಲಿಂದಲೇ ಕಟ್ಟುತ್ತೇನೆ.