ಅನ್‌ಸಬ್‌ಸ್ಕ್ರೈಬ್ ಮಾಡಲು ಹೋಗಿ ನಿಮ್ಮ ಅಸಲಿ ವಿಳಾಸವನ್ನು ಒಪ್ಪಿಸಬೇಡಿ

ನೀವು ಕೇಳದೆ ಬಂದ ಸುದ್ದಿಪತ್ರದ ಅಡಿಯಲ್ಲಿ "ಬೇಡವಾದಲ್ಲಿ REMOVE ಎಂದು ಉತ್ತರಿಸಿ" ಎಂದು ಬರೆದಿದ್ದರೆ, ದಯವಿಟ್ಟು ಉತ್ತರಿಸಬೇಡಿ. ಆ ಒಂದೇ ಪದದ ಉತ್ತರ ನನ್ನಿಂದ ಏನೇನನ್ನು ಕಿತ್ತುಕೊಂಡಿತು ಎಂಬುದನ್ನು ಬರೆಯಲು ಮುಜುಗರವಾಗುತ್ತದೆ. ಆದರೂ ಆ ಕಡೆಯವರು ಎಷ್ಟು ಸೌಜನ್ಯದಿಂದ ಈ ಕೆಲಸ ಮಾಡುತ್ತಾರೆ ಎಂಬುದು ಗೊತ್ತಾಗಲಿ ಎಂದೇ ಬರೆಯುತ್ತಿದ್ದೇನೆ.

ಆನ್‌ಲೈನ್ ತರಗತಿಯೊಂದರ ನೋಂದಣಿಗೆಂದು ನಾನು ಒಂದು ಅಲಿಯಾಸ್ ವಿಳಾಸವನ್ನು ಮಾಡಿಕೊಂಡಿದ್ದೆ. ಅದಕ್ಕೆ ಬಂದ ಪತ್ರಗಳೆಲ್ಲ ನನ್ನ ಮುಖ್ಯ ಇನ್‌ಬಾಕ್ಸ್‌ಗೆ ಫಾರ್ವರ್ಡ್ ಆಗುತ್ತವೆ. ಕಳುಹಿಸುವವರಿಗೆ ಮಾತ್ರ ಮುಖ್ಯ ವಿಳಾಸ ಕಾಣುವುದಿಲ್ಲ. ನೋಂದಣಿಯ ನಮೂನೆಯಲ್ಲಿ ಹೆಸರಿನ ಜಾಗಕ್ಕೆ ಒಂದಕ್ಷರವನ್ನಷ್ಟೇ ತುಂಬಿದ್ದೆ. ತರಗತಿ ಮುಗಿದ ಮೇಲೆ, ಅದಕ್ಕೆ ಯಾವ ಸಂಬಂಧವೂ ಇಲ್ಲದ ಹೂಡಿಕೆ ಸಲಹೆಯ ಸುದ್ದಿಪತ್ರವೊಂದು ಅದೇ ಅಲಿಯಾಸ್‌ಗೆ ಬರತೊಡಗಿತು. ವಿಳಾಸ ಎಲ್ಲಿಂದ ಸೋರಿತು ಎಂಬುದರಲ್ಲಿ ಅನುಮಾನವಿರಲಿಲ್ಲ, ಏಕೆಂದರೆ ಆ ಅಲಿಯಾಸನ್ನು ನಾನು ಬೇರೆಲ್ಲಿಯೂ ಕೊಟ್ಟಿರಲಿಲ್ಲ. ಅಲಿಯಾಸ್ ಇಟ್ಟುಕೊಳ್ಳುವುದೇ ಇದಕ್ಕಾಗಿ, ಅಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ಇತ್ತು.

ಪತ್ರದ ಅಡಿಯಲ್ಲಿ ಲಿಂಕ್ ಇರಲಿಲ್ಲ. ಅಪರಿಚಿತ ಲಿಂಕನ್ನು ಒತ್ತಬಾರದು ಎಂಬ ಎಚ್ಚರಿಕೆ ಎಲ್ಲರಿಗೂ ಗೊತ್ತಿರುವುದರಿಂದ, ಉತ್ತರ ಬರೆಯುವುದೇ ಸುರಕ್ಷಿತ ಎಂಬ ಭಾವನೆ ತಾನಾಗಿ ಬರುತ್ತದೆ, ಮತ್ತು ಅವರು ನೆಚ್ಚಿಕೊಂಡಿರುವುದೂ ಆ ಭಾವನೆಯನ್ನೇ. ನಾನು ಉತ್ತರಿಸಿದೆ. ಅಲಿಯಾಸ್‌ಗೆ ಬಂದ ಪತ್ರಕ್ಕೆ ಮುಖ್ಯ ಇನ್‌ಬಾಕ್ಸ್‌ನಲ್ಲಿ ಕುಳಿತು ಉತ್ತರಿಸಿದರೆ, ಬೇರೆ ಏರ್ಪಾಡು ಇಲ್ಲದಿದ್ದಲ್ಲಿ, ಅದು ಮುಖ್ಯ ವಿಳಾಸದಿಂದಲೇ ಹೋಗುತ್ತದೆ. ಅದರ ಕೆಳಗೆ ನನ್ನ ಪೂರ್ಣ ಹೆಸರು, ಹುದ್ದೆ, ಫೋನ್ ನಂಬರು ಇರುವ ಸಹಿಯೂ ತಾನಾಗಿ ಅಂಟಿಕೊಳ್ಳುತ್ತದೆ. REMOVE ಎಂಬ ಒಂದು ಪದದ ಕೆಳಗೆ ಒಂದು ವಿಸಿಟಿಂಗ್ ಕಾರ್ಡ್!

ಇನ್ನು ಅವರ ಉತ್ತರ ಓದಿ: "ಮಾನ್ಯರೇ, ನಿಮ್ಮ ಕೋರಿಕೆ ತಲುಪಿದೆ. ಆದರೆ ನೀವು ಬರೆದಿರುವ ವಿಳಾಸ ನಮ್ಮ ಪಟ್ಟಿಯಲ್ಲಿ ಕಂಡುಬರುತ್ತಿಲ್ಲ. ಯಾವ ವಿಳಾಸಕ್ಕೆ ನಮ್ಮ ಪತ್ರ ಬರುತ್ತಿದೆ ಎಂಬುದನ್ನು ತಿಳಿಸಿದರೆ ಕೂಡಲೇ ತೆಗೆದುಹಾಕುತ್ತೇವೆ." ಎಷ್ಟು ಸಹಜವಾಗಿದೆ ನೋಡಿ. ವಿಳಾಸ ಸಿಗುತ್ತಿಲ್ಲ ಎನ್ನುವವರಿಗೆ ವಿಳಾಸ ಕೊಡುವುದು ನ್ಯಾಯವೇ ಅನ್ನಿಸುತ್ತದೆ. ಅಲಿಯಾಸ್ ಹೇಗೂ ಅವರಿಗೆ ಗೊತ್ತಿರುವುದೇ ತಾನೇ ಎಂದುಕೊಂಡು ಅದನ್ನು ಬರೆದು ಕಳುಹಿಸಿದೆ. ಆಗ ಬಂದ ಉತ್ತರ: "ಧನ್ಯವಾದಗಳು. ನಿಮ್ಮ ಎರಡೂ ವಿಳಾಸಗಳನ್ನು ದಾಖಲಿಸಿಕೊಂಡಿದ್ದೇವೆ. ಬದಲಾವಣೆ ಜಾರಿಗೆ ಬರಲು 10 ಕೆಲಸದ ದಿನಗಳು ಬೇಕಾಗಬಹುದು."

ಎರಡೂ ವಿಳಾಸಗಳನ್ನು! ತೆಗೆದುಹಾಕಬೇಕಾದವರು ದಾಖಲಿಸಿಕೊಂಡಿದ್ದೇವೆ ಎನ್ನುತ್ತಿದ್ದಾರೆ. ಆ ವಾಕ್ಯವನ್ನು ನಾನು ಮತ್ತೆ ಮತ್ತೆ ಓದಿದೆ. ಅಲಿಯಾಸ್ ಮಾಡಿಕೊಂಡದ್ದು ಯಾವ ಗುಟ್ಟನ್ನು ಕಾಪಾಡಲೋ ಆ ಗುಟ್ಟನ್ನು ನನ್ನ ಕೈಯಿಂದಲೇ ಬರೆಸಿಕೊಂಡು, ಮೇಲೆ ಧನ್ಯವಾದವನ್ನೂ ಹೇಳಿದ್ದರು.

ಅನಂತರ ಮುಖ್ಯ ವಿಳಾಸಕ್ಕೆ ಸಾಲ, ವಿಮೆ, ಹೂಡಿಕೆ, ಪದವಿ ಪ್ರಮಾಣಪತ್ರ ಎಂದು ಬೇರೆ ಬೇರೆ ಡೊಮೇನ್‌ಗಳಿಂದ ಪತ್ರಗಳು ಬರತೊಡಗಿದವು. ಕಾಕತಾಳೀಯವಿರಬಹುದಲ್ಲ ಎಂದು ಕೇಳುವವರಿಗೆ ಒಂದೇ ಉತ್ತರ: ಆ ಪತ್ರಗಳ ಸಂಬೋಧನೆಯಲ್ಲಿ ನನ್ನ ಹೆಸರು ಹುದ್ದೆಯ ಸಮೇತ, ನಡುವಿನ ಅಲ್ಪವಿರಾಮವೂ ಬಿಡದಂತೆ, ನನ್ನ ಸಹಿಯಲ್ಲಿ ಇರುವ ಹಾಗೆಯೇ ಇತ್ತು. ಆಕ್ಷೇಪಿಸಿ ಬರೆದಾಗ ಬಂದ ಮಾತು ಹೀಗಿತ್ತು: "ಅವು ನಮ್ಮ ಪತ್ರಗಳಲ್ಲ, ನಮ್ಮ ಸಹವರ್ತಿಗಳ ಪತ್ರಗಳು. ಪ್ರತಿಯೊಬ್ಬರಿಂದಲೂ ತಾವು ಪ್ರತ್ಯೇಕವಾಗಿ ಅನ್‌ಸಬ್‌ಸ್ಕ್ರೈಬ್ ಆಗಬೇಕಾಗುತ್ತದೆ." ಅಂದರೆ ಪ್ರತಿಯೊಬ್ಬ ಸಹವರ್ತಿಗೂ ಹೋಗಿ, ಈ ವಿಳಾಸದಲ್ಲಿ ಪತ್ರ ಓದುವ ಮನುಷ್ಯನೊಬ್ಬನಿದ್ದಾನೆ ಎಂದು ನಾನೇ ಸಾರಿ ಬರಬೇಕು.

ಸ್ಪ್ಯಾಮ್ ಕಳುಹಿಸುವವರಿಗೆ ಬೇಕಾಗಿರುವುದು ಈ ಸಂಗತಿಯೇ. ವಿಳಾಸವೇ ಇಲ್ಲದಿದ್ದರೆ ಸಾಮಾನ್ಯವಾಗಿ ಮೇಲ್ ಸರ್ವರ್ 550 ಎಂಬ ಸಂಖ್ಯೆಯೊಂದಿಗೆ ಪತ್ರವನ್ನು ನಿರಾಕರಿಸುತ್ತದೆ. ನಿರಾಕರಣೆ ಬರಲಿಲ್ಲವೆಂದರೆ ಪೆಟ್ಟಿಗೆ ಇರಬಹುದು ಎಂಬ ಮಟ್ಟಿಗೆ ಅವರಿಗೆ ಗೊತ್ತಾಗುತ್ತದೆ. ಆದರೆ ಯಾವ ಹೆಸರಿಗೆ ಬರೆದರೂ ಸ್ವೀಕರಿಸುವ ಡೊಮೇನ್‌ಗಳಿವೆ, ಯಾರೂ ತೆರೆಯದ ಹಳೆಯ ಖಾತೆಗಳೂ ಇವೆ. ಪೆಟ್ಟಿಗೆಯ ಹಿಂದೆ ಓದುವ ಮನುಷ್ಯನಿದ್ದಾನೆಯೇ ಎಂಬುದು ಸರ್ವರ್‌ನ ಮೌನದಿಂದ ತಿಳಿಯುವುದಿಲ್ಲ, ನಮ್ಮ ಉತ್ತರದಿಂದ ತಿಳಿಯುತ್ತದೆ.

ಲಿಂಕ್ ಇದ್ದರೂ ಕಥೆ ಬೇರೆಯಲ್ಲ. ಸಹವರ್ತಿಯೊಬ್ಬರ ಪತ್ರದಲ್ಲಿದ್ದ ಲಿಂಕ್‌ನ ಡೊಮೇನ್ ಹೆಸರನ್ನೂ ಅದರೊಳಗಿದ್ದ ಇಮೇಲ್ ವಿಳಾಸವನ್ನೂ ಬದಲಿಸಿ ತೋರಿಸುತ್ತೇನೆ:

```
https://lists.example.net/out?id=cmVhZGVyQGV4YW1wbGUuY29t
```

ಕೊನೆಯಲ್ಲಿರುವ ಅಕ್ಷರಗಳು ಅರ್ಥವಿಲ್ಲದವುಗಳಂತೆ ಕಾಣುತ್ತವೆ. ಅವು ಬೇಸ್64 ರೂಪದಲ್ಲಿ ಬರೆದ ಇಮೇಲ್ ವಿಳಾಸ, ಬಿಡಿಸಿದರೆ reader@example.com ಎಂದಾಗುತ್ತದೆ. ಲಿಂಕನ್ನು ತೆರೆದ ಕ್ಷಣದಲ್ಲೇ, ಯಾವ ವಿಳಾಸದವರು, ಎಷ್ಟು ಹೊತ್ತಿಗೆ, ಯಾವ ಐಪಿಯಿಂದ, ಯಾವ ಬ್ರೌಸರ್‌ನಲ್ಲಿ ತೆರೆದರು ಎಂಬುದು ಅವರ ಸರ್ವರ್‌ಗೆ ಸಿಗುತ್ತದೆ. ಹೀಗೆ ಬಿಡಿಸಲಾಗದ ಸಂಕೇತವಿದ್ದರೂ ಅದು ಯಾರದೆಂಬ ಲೆಕ್ಕ ಅವರ ಬಳಿ ಇದ್ದೇ ಇರುತ್ತದೆ. ಇಷ್ಟೆಲ್ಲ ಇದ್ದ ಮೇಲೂ ತೆರೆದ ಪುಟ "ನಿಮ್ಮ ಇಮೇಲ್ ವಿಳಾಸವನ್ನು ನಮೂದಿಸಿ ಖಚಿತಪಡಿಸಿ" ಎಂದು ಕೇಳಿದರೆ, ಗೊತ್ತಿರುವುದನ್ನು ಮತ್ತೆ ಏಕೆ ಕೇಳುತ್ತಿದ್ದಾರೆ ಎಂದು ಯೋಚಿಸಿ. ಸಾಚಾ ಸುದ್ದಿಪತ್ರಗಳಲ್ಲೂ ಕೆಲವು ಹೀಗೆ ಕೇಳುತ್ತವೆ, ಅದು ಅವುಗಳ ಸೋಮಾರಿತನ. ಹೆಸರು ಹೇಳಿ, ಫೋನ್ ನಂಬರು ಕೊಡಿ ಎಂದರೆ ಮಾತ್ರ ಅದು ಸೋಮಾರಿತನವಲ್ಲ. ಅಮೆರಿಕದ 2003ರ ಸ್ಪ್ಯಾಮ್ ವಿರೋಧಿ ಕಾನೂನಿನ ಅಡಿಯ ನಿಯಮಗಳು ಕೂಡ, ಪಟ್ಟಿಯಿಂದ ತೆಗೆಯಲು ಇಮೇಲ್ ವಿಳಾಸ ಮತ್ತು ಯಾವ ಪತ್ರ ಬೇಡವೆಂಬ ಆಯ್ಕೆಯ ಹೊರತು ಬೇರೆ ವೈಯಕ್ತಿಕ ಮಾಹಿತಿಯನ್ನು ಕೇಳಬಾರದು ಎನ್ನುತ್ತವೆ. ನನಗೆ ಹೇಳಿದ 10 ಕೆಲಸದ ದಿನಗಳ ಗಡುವು ಕೂಡ ಅದೇ ಕಾನೂನಿನದು. ಗಡುವನ್ನು ಬಲ್ಲವರಿಗೆ ಉಳಿದ ಸಾಲುಗಳು ಕಾಣಲಿಲ್ಲವೇ?

ನನಗೆ ಹೆಚ್ಚು ಸಿಟ್ಟು ತರಿಸಿದ ಸಂಗತಿ ಬೇರೊಂದಿದೆ. ಉತ್ತರಿಸುವ ಮೊದಲು ನಾನು ಪತ್ರದ ಹೆಡರನ್ನು, ಅಂದರೆ ಪತ್ರದೊಂದಿಗೆ ಬರುವ ತಾಂತ್ರಿಕ ವಿವರಗಳನ್ನು, ನೋಡಿದ್ದೆ. ಅಲ್ಲಿ dkim=pass ಎಂದಿತ್ತು. ಅದನ್ನು ನೋಡಿ ಪತ್ರ ಅಸಲಿ ಎಂದು ಸಮಾಧಾನಪಟ್ಟುಕೊಂಡಿದ್ದೆ. ಡಿಕಿಮ್ ಹೇಳುವುದು ಇಷ್ಟೇ: ಈ ಡೊಮೇನಿನ ಕೀಲಿಯಿಂದ ಪತ್ರಕ್ಕೆ ಡಿಜಿಟಲ್ ಸಹಿಯಾಗಿದೆ, ಸಹಿಯಾದ ಭಾಗ ದಾರಿಯಲ್ಲಿ ಬದಲಾಗಿಲ್ಲ. ಡೊಮೇನಿನ ಒಡೆಯ ಪ್ರಾಮಾಣಿಕನೇ ಎಂಬುದನ್ನು ಅದು ಹೇಳುವುದಿಲ್ಲ. ಸ್ಪ್ಯಾಮ್ ಕಳುಹಿಸುವವರೂ ಡೊಮೇನ್ ಕೊಂಡು, ನಿಯಮಬದ್ಧವಾಗಿ ಸಹಿ ಹಾಕುತ್ತಾರೆ.

ಆ ಹೆಡರಿನಲ್ಲಿ ನಾನು ನೋಡಬೇಕಾಗಿದ್ದ ಸಾಲು ಇದು:

```
List-Unsubscribe: <mailto:leave@lists.example.net?subject=REMOVE>
```

mailto ಒಂದೇ ಇದ್ದರೆ ಹೊರಬರುವ ದಾರಿ ಇಮೇಲ್ ಮಾತ್ರ ಎಂದರ್ಥ. ಮೇಲ್ ಪ್ರೋಗ್ರಾಂ ತಾನೇ ತೋರಿಸುವ ಅನ್‌ಸಬ್‌ಸ್ಕ್ರೈಬ್ ಗುಂಡಿಯ ಹಿಂದೆ ಇದೇ ಸಾಲು ಇದ್ದರೆ, ಗುಂಡಿ ಒತ್ತಿದಾಗ ಹೋಗುವುದೂ ನಿಮ್ಮ ಖಾತೆಯಿಂದ ಹೊರಟ ಒಂದು ಇಮೇಲ್. ಅಲಿಯಾಸ್ ಬಳಸುವವರಿಗೆ ಇದು ನೇರವಾಗಿ ಬೀಳುವ ಹಳ್ಳ. ಇದಕ್ಕೆ ಬದಲಾಗಿ ಈ ಜೋಡಿ ಸಾಲುಗಳಿದ್ದರೆ ಮಾತು ಬೇರೆ:

```
List-Unsubscribe: <https://lists.example.net/u/7f3k9q>
List-Unsubscribe-Post: List-Unsubscribe=One-Click
```

ಇದು 2017ರಲ್ಲಿ ಬಂದ ಆರ್‌ಎಫ್‌ಸಿ 8058 ಎಂಬ ಇಂಟರ್ನೆಟ್ ಮಾನದಂಡದ ವಿಧಾನ. ಇದನ್ನು ಬೆಂಬಲಿಸುವ ಪ್ರೋಗ್ರಾಂನ ಗುಂಡಿ ಒತ್ತಿದರೆ ಯಾವ ಪುಟವೂ ತೆರೆಯುವುದಿಲ್ಲ, ಯಾರೂ ಏನನ್ನೂ ಕೇಳುವುದಿಲ್ಲ, ನಿಮ್ಮ ಮುಖ್ಯ ವಿಳಾಸವೂ ಹೋಗುವುದಿಲ್ಲ; 7f3k9q ಎಂಬ ಸಂಕೇತದವರನ್ನು ಪಟ್ಟಿಯಿಂದ ಬಿಡಿ ಎಂಬ ಕೋರಿಕೆ ಮಾತ್ರ ತಲುಪುತ್ತದೆ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5000ಕ್ಕಿಂತ ಹೆಚ್ಚು ಪತ್ರ ಕಳುಹಿಸುವವರು ಪ್ರಚಾರದ ಪತ್ರಗಳಲ್ಲಿ ಈ ವ್ಯವಸ್ಥೆಯನ್ನು ಇಡಲೇಬೇಕೆಂದು ಗೂಗಲ್ 2024ರಲ್ಲಿ ಕಡ್ಡಾಯ ಮಾಡಿತು. 2 ದಿನಗಳೊಳಗೆ ಹೆಸರನ್ನು ತೆಗೆಯಬೇಕು ಎಂದೂ ಹೇಳಿತು. ಆದರೆ ಸಂಕೇತ ನಿಮ್ಮದೇ ಆಗಿರುವುದರಿಂದ, ಯಾರೋ ಗುಂಡಿ ಒತ್ತಿದರು ಎಂಬುದು ಕಳುಹಿಸಿದವರಿಗೆ ಇಲ್ಲಿಯೂ ತಿಳಿಯುತ್ತದೆ. ಆದ್ದರಿಂದ ನೀವೇ ಸೇರಿದ ಪಟ್ಟಿಗೆ ಮಾತ್ರ ಇದನ್ನು ಬಳಸಿ.

ನೀವು ಸೇರದ ಪಟ್ಟಿಗೆ ಅನ್‌ಸಬ್‌ಸ್ಕ್ರೈಬ್ ಎಂಬ ಕೆಲಸವೇ ಇಲ್ಲ. ತೆರೆಯದೆ ಸ್ಪ್ಯಾಮ್ ಎಂದು ಗುರುತಿಸಿ. ಗುರುತಿಸುವಾಗ "ಅನ್‌ಸಬ್‌ಸ್ಕ್ರೈಬ್ ಕೂಡ ಮಾಡಬೇಕೆ" ಎಂದು ಪ್ರೋಗ್ರಾಂ ಕೇಳಿದರೆ ಬೇಡ ಎನ್ನಿ. ಹೊರಗಿನ ಚಿತ್ರಗಳು ತಾನಾಗಿ ತೆರೆಯದಂತೆ ಸೆಟ್ಟಿಂಗ್ ಬದಲಿಸಿ, ಏಕೆಂದರೆ ಕಣ್ಣಿಗೆ ಕಾಣದ ಒಂದು ಪಿಕ್ಸೆಲ್‌ನ ಚಿತ್ರ ಲೋಡ್ ಆದರೂ ಪತ್ರ ತೆರೆದ ಸುದ್ದಿ ಅವರಿಗೆ ಹೋಗುತ್ತದೆ. ನೀವೇ ಸೇರಿದ್ದ ಪಟ್ಟಿಯಲ್ಲಿ mailto ದಾರಿಯೊಂದೇ ಇದ್ದರೆ, ಹೆಡರಿನ To ಸಾಲಿನಲ್ಲಿ ಯಾವ ವಿಳಾಸವಿದೆಯೋ ಅದೇ ವಿಳಾಸದಿಂದ, ಸಹಿಯನ್ನು ಅಳಿಸಿ ಕಳುಹಿಸಿ. ಹಾಗೆ ಕಳುಹಿಸಲು ಆಗದಿದ್ದರೆ ಕಳುಹಿಸಲೇಬೇಡಿ, ಅಲಿಯಾಸನ್ನೇ ಮುಚ್ಚಿಬಿಡಿ. "ನಿಮ್ಮ ವಿಳಾಸ ಪಟ್ಟಿಯಲ್ಲಿ ಸಿಗುತ್ತಿಲ್ಲ" ಎಂಬ ಮರ್ಯಾದೆಯ ಉತ್ತರ ಬಂದರೆ ಅಲ್ಲಿಗೇ ನಿಲ್ಲಿಸಿ. ನಾನು ಕೊಟ್ಟಂತೆ ಎರಡನೆಯ ವಿಳಾಸವನ್ನು ಕೊಡಬೇಡಿ.

ನಾನು ಆ ಅಲಿಯಾಸನ್ನು ಮುಚ್ಚಿದೆ. ಒಂದು ಕ್ಲಿಕ್ಕಿನ ಕೆಲಸ, ಮೊದಲೇ ಅದನ್ನು ಮಾಡಿದ್ದರೆ ಸಾಕಿತ್ತು. ಮುಖ್ಯ ವಿಳಾಸವನ್ನು ಹಾಗೆ ಮುಚ್ಚಲು ಬರುವುದಿಲ್ಲ. ಬ್ಯಾಂಕು, ಕಚೇರಿ, ಬಂಧುಬಳಗ ಎಲ್ಲವೂ ಅದರಲ್ಲೇ ಇವೆ. ಸಂಬೋಧನೆಯಲ್ಲಿ ನನ್ನ ಹೆಸರೂ ಹುದ್ದೆಯೂ ಒಟ್ಟಿಗೆ ಬಂದ ಪತ್ರಗಳನ್ನು ನೇರವಾಗಿ ಸ್ಪ್ಯಾಮ್‌ಗೆ ಕಳುಹಿಸುವ ಫಿಲ್ಟರ್ ಒಂದನ್ನು ಈಗ ಇಟ್ಟುಕೊಂಡಿದ್ದೇನೆ. ಸಹೋದ್ಯೋಗಿಗಳು ನನ್ನ ಹಳೆಯ ಪತ್ರವನ್ನು ಸಹಿಯ ಸಮೇತ ಉಲ್ಲೇಖಿಸಿ ಉತ್ತರಿಸಿದಾಗ ಅದೂ ಆ ಫಿಲ್ಟರ್‌ಗೆ ಸಿಕ್ಕಿಬೀಳುತ್ತದೆ, ಹಾಗಾಗಿ ಸ್ಪ್ಯಾಮ್ ಪೆಟ್ಟಿಗೆಯನ್ನೂ ದಿನವೂ ತೆರೆದು ನೋಡಬೇಕಾಗಿದೆ.