ಐದು ವರ್ಷದ ಎಎಂಟಿ ಕಾರು: ನಿಮ್ಮ ಗೇರ್‌ಬಾಕ್ಸ್ ಹೇಗಿದೆ, ನಿಜ ಹೇಳಿ

ನನ್ನ ಹತ್ತಿರ ಇರುವ ಕಾರೇ ನಿಮ್ಮ ಹತ್ತಿರವೂ ಇದ್ದರೆ ಈ ಪತ್ರ ನಿಮಗೆ. 1.2 ಲೀಟರ್ ಪೆಟ್ರೋಲ್, ಐದು ಗೇರ್, ಎಎಂಟಿ, 2020ರ ದೀಪಾವಳಿಗೆ ತೆಗೆದುಕೊಂಡದ್ದು. ಹೆಸರು ಬರೆಯುವುದಿಲ್ಲ, ಯಾಕೆಂದರೆ ವರ್ಕ್‌ಶಾಪ್ ಜಗಳವೂ ಇದರಲ್ಲಿ ಬರುತ್ತದೆ. ಬೆಳಿಗ್ಗೆ ಡ್ರೈವರ್ ಬಾಗಿಲು ತೆಗೆದ ತಕ್ಷಣ, ಕೀ ಹಾಕುವ ಮೊದಲೇ, ಬಾನೆಟ್ ಒಳಗಿಂದ 'ಝೂಂ...' ಅಂತ ಎರಡು ಮೂರು ಸೆಕೆಂಡ್ ಸದ್ದು ಬಂದು ನಿಲ್ಲುತ್ತದಲ್ಲ, ಆ ಕಾರು. ಗೊತ್ತಾಯ್ತು ಅಲ್ವಾ?

ನನಗೆ ಬೇಕಿರುವುದು ಐದು ವರ್ಷ ಆದ ಮೇಲಿನ ಅನುಭವ. ತೆಗೆದುಕೊಂಡ ಹೊಸದರಲ್ಲಿ ಎಲ್ಲರೂ ಹೊಗಳುತ್ತೇವೆ, ನಾನೂ ಹೊಗಳಿದ್ದೆ. ಎಡಗಾಲಿಗೆ ರಜೆ, ಮೈಲೇಜ್ ಪರವಾಗಿಲ್ಲ, ಪಾರ್ಕಿಂಗ್ ಸುಲಭ ಅಂತೆಲ್ಲ. ಈಗ 52,000 ಕಿಲೋಮೀಟರ್ ಆಗಿದೆ. ಇಟ್ಟುಕೊಳ್ಳಬೇಕೋ, ಕೊಟ್ಟು ಬಿಡಬೇಕೋ ಅಂತ ಮನೆಯಲ್ಲಿ ದಿನಾ ಚರ್ಚೆ. ನನ್ನ ಲೆಕ್ಕ ಮೊದಲು ಇಡುತ್ತೇನೆ, ಆಮೇಲೆ ನಿಮ್ಮದು ಕೇಳುತ್ತೇನೆ.

ಮೊದಲ ವರ್ಷ ಮನೆಯಿಂದಲೇ ಕೆಲಸ, ಹಾಗಾಗಿ ನಾಲ್ಕು ಸಾವಿರ ಕಿಲೋಮೀಟರ್ ಅಷ್ಟೇ. ಆಮೇಲೆ ವರ್ಷಕ್ಕೆ ಹನ್ನೆರಡು ಸಾವಿರದ ಹಾಗೆ. ಅದರಲ್ಲಿ ಮುಕ್ಕಾಲು ಪಾಲು ಮತ್ತಿಕೆರೆಯಿಂದ ಗೊರಗುಂಟೆಪಾಳ್ಯ ದಾಟಿ ಪೀಣ್ಯ ಕಡೆ ಹೋಗಿ ಬರುವುದು. ಹೋಗುವುದು ಅನ್ನುವುದಕ್ಕಿಂತ ತೆವಳುವುದು. ಉಳಿದದ್ದು ಊರಿಗೆ, ಉಜಿರೆಗೆ, ಚಾರ್ಮಾಡಿ ಘಾಟಿಯಲ್ಲಿ. ಈ ಎರಡೂ ಎಎಂಟಿಗೆ ಆಗಿ ಬರದ ದಾರಿಗಳು ಅಂತ ನನಗೆ ಗೊತ್ತಾಗಿದ್ದು ತಡವಾಗಿ.

ಮಾಮೂಲಿ ಸರ್ವಿಸ್ ಬಗ್ಗೆ ದೂರಿಲ್ಲ. ಐದು ವರ್ಷದ ಐದು ಬಿಲ್: 3,100, 4,600, 5,900, 8,700, 6,200. ಒಟ್ಟು 28,500 ರೂಪಾಯಿ. ನಾಲ್ಕನೇ ವರ್ಷ ಜಾಸ್ತಿ ಆಗಿದ್ದು ಸ್ಪಾರ್ಕ್ ಪ್ಲಗ್, ಬ್ರೇಕ್ ಪ್ಯಾಡ್, ಕೂಲೆಂಟ್ ಎಲ್ಲ ಒಟ್ಟಿಗೆ ಬಂದದ್ದಕ್ಕೆ. ಟೈರು, ಬ್ಯಾಟರಿ, ಇನ್ಶೂರೆನ್ಸ್ ಇದರಲ್ಲಿ ಸೇರಿಸಿಲ್ಲ. 'ಇಂಜಿನ್ ಫ್ಲಶ್ ಮಾಡಿಸಿ ಸಾರ್, ಎಸಿ ಡಿಸಿನ್ಫೆಕ್ಟ್ ಮಾಡಿಸಿ ಸಾರ್' ಅಂತ ಪ್ರತಿ ಸಲ ಕೇಳುತ್ತಾರೆ, ನಾನು ಪ್ರತಿ ಸಲ ಬೇಡ ಅನ್ನುತ್ತೇನೆ. ಅಷ್ಟೇ ಗುಟ್ಟು.

ಕತೆ ಇರುವುದು ಗೇರ್‌ಬಾಕ್ಸ್‌ನಲ್ಲಿ.

2024ರ ಡಿಸೆಂಬರ್‌ನಲ್ಲಿ ಊರಿಂದ ವಾಪಸ್ ಬರುವಾಗ ಚಾರ್ಮಾಡಿಯಲ್ಲಿ ಮುಂದೆ ಒಂದು ಕೆಂಪು ಬಸ್ಸು, ಅದರ ಮುಂದೆ ಒಂದು ಲಾರಿ. ತಿರುವಿನಲ್ಲಿ ನಿಲ್ಲುವುದು, ಎರಡು ಅಡಿ ಹೋಗುವುದು, ಮತ್ತೆ ನಿಲ್ಲುವುದು. ನನ್ನ ಕಾರಿನಲ್ಲಿ ಹಿಲ್ ಹೋಲ್ಡ್ ಇಲ್ಲ. ಹಿಂದೆ ಜಾರಬಾರದು ಅಂತ ನಾನು ಬ್ರೇಕ್ ಒತ್ತುವ ಬದಲು ಆಕ್ಸಿಲರೇಟರ್ ಮೇಲೆಯೇ ಕಾರನ್ನು ನಿಲ್ಲಿಸಿಕೊಂಡೆ. ನಾಲ್ಕೈದು ತಿರುವು ಆಗುವಷ್ಟರಲ್ಲಿ ಸುಟ್ಟ ವಾಸನೆ. ಹಿಂದಿನ ಸೀಟಿನಿಂದ ಅಮ್ಮ, 'ಎಂತ ಇದು, ಬ್ಯಾಗಿನಲ್ಲಿದ್ದ ಹಪ್ಪಳ ಕರಿದ ಹಾಗೆ' ಅಂದರು. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ನೀರುದೋಸೆ ತಿಂದು ಅರ್ಧ ಗಂಟೆ ಬಿಟ್ಟು ಹೊರಟರೆ ವಾಸನೆ ಇರಲಿಲ್ಲ. ಆದರೆ ಹಾಸನ ದಾಟಿದ ಮೇಲೆ ಓವರ್‌ಟೇಕ್ ಮಾಡಲು ಒತ್ತಿದರೆ ಇಂಜಿನ್ ಸದ್ದು ಏರುತ್ತದೆ, ವೇಗ ಏರುವುದಿಲ್ಲ. ಕ್ಲಚ್ ಜಾರುತ್ತಿತ್ತು.

ಎಷ್ಟೋ ಜನ ಎಎಂಟಿ ಅಂದರೆ ಕ್ಲಚ್ಚೇ ಇಲ್ಲ ಅಂದುಕೊಂಡಿದ್ದಾರೆ. ಪೆಡಲ್ ಇಲ್ಲ ಅಷ್ಟೇ. ಒಳಗಿರುವುದು ಅದೇ ಮ್ಯಾನ್ಯುಯಲ್ ಗೇರ್‌ಬಾಕ್ಸ್, ಅದೇ ಒಣ ಕ್ಲಚ್ ಪ್ಲೇಟ್. ನಮ್ಮ ಎಡಗಾಲಿನ ಕೆಲಸವನ್ನೂ ಎಡಗೈ ಕೆಲಸವನ್ನೂ ಆಕ್ಚುಯೇಟರ್ ಅನ್ನುವ ಒಂದು ಹೈಡ್ರಾಲಿಕ್ ಯಂತ್ರ ಮಾಡುತ್ತದೆ. ಟ್ರಾಫಿಕ್‌ನಲ್ಲಿ ಬ್ರೇಕ್ ಬಿಟ್ಟಾಗ ಕಾರು ತಾನೇ ಮೆಲ್ಲಗೆ ಸರಿಯುತ್ತದಲ್ಲ, ಆಗೆಲ್ಲ ಕ್ಲಚ್ ಅರ್ಧ ಹಿಡಿದು ಅರ್ಧ ಜಾರುತ್ತಿರುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಮೇಲೆ ನಿಲ್ಲಿಸಿದರೂ ಅದೇ, ಆದರೆ ಹತ್ತು ಪಾಲು ಕೆಟ್ಟದಾಗಿ. ಸಿಗ್ನಲ್‌ನಲ್ಲಿ D ಯಲ್ಲೇ ಇಟ್ಟು ಬ್ರೇಕ್ ಒತ್ತಿಕೊಂಡರೆ ಪ್ಲೇಟ್ ಸವೆಯುವುದಿಲ್ಲ, ಏಕೆಂದರೆ ಕ್ಲಚ್ ಪೂರ್ತಿ ಬಿಟ್ಟಿರುತ್ತದೆ. ಆದರೆ ರಿಲೀಸ್ ಬೇರಿಂಗ್ ಅಷ್ಟು ಹೊತ್ತೂ ಒತ್ತಿಕೊಂಡೇ ಇರುತ್ತದೆ. ಹಾಗಾಗಿ ನಿಲ್ಲುವುದು ಜಾಸ್ತಿ ಹೊತ್ತು ಅಂತಾದರೆ ನಾನು ಈಗ N ಗೆ ಹಾಕುತ್ತೇನೆ.

41,000 ಕಿಲೋಮೀಟರ್‌ಗೆ ಕ್ಲಚ್ ಸೆಟ್ ಬದಲಾಯಿಸಿದೆ. ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್, ಕೂಲಿ ಸೇರಿ 14,200. ಬಿಚ್ಚಿ ಹಾಕಿದರೆ ಕೆಲಸ ಮುಗಿಯಲಿಲ್ಲ. ಹೊಸ ಕ್ಲಚ್ ಎಲ್ಲಿ ಹಿಡಿಯಲು ಶುರು ಮಾಡುತ್ತದೆ ಅಂತ ಸ್ಕ್ಯಾನರ್ ಹಾಕಿ ಗೇರ್‌ಬಾಕ್ಸ್ ಕಂಪ್ಯೂಟರ್‌ಗೆ ಹೊಸದಾಗಿ ಕಲಿಸಬೇಕು. ಇದನ್ನು ಮಾಡದೆ ಕೊಟ್ಟರೆ ಕಾರು ಹೊರಡುವಾಗ ಜಗ್ಗುತ್ತದೆ, ಹೊಸ ಪ್ಲೇಟೂ ಬೇಗ ಹೋಗುತ್ತದೆ. ನನ್ನ ಕಾರಿಗೆ ಮಾಡಿದರು, ನಾನು ಪಕ್ಕದಲ್ಲೇ ನಿಂತು ನೋಡಿದೆ.

ಇದನ್ನು ನಾನು ಯಾರ ಮೇಲೂ ಹಾಕುವುದಿಲ್ಲ. ತಪ್ಪು ನನ್ನದು, ಓಡಿಸುವ ರೀತಿಯದು. ಎರಡನೆಯದು ಹಾಗಲ್ಲ.

2025ರ ಜುಲೈ. ಗೊರಗುಂಟೆಪಾಳ್ಯ ಸಿಗ್ನಲ್. ಹಸಿರು ಬಂತು, ಒತ್ತಿದೆ, ಕಾರು ಹೋಗಲಿಲ್ಲ. ಡಿಸ್‌ಪ್ಲೇಯಲ್ಲಿ N ಮಿನುಗುತ್ತಿದೆ. ಹಿಂದಿನಿಂದ ಹಾರ್ನ್ ಹಬ್ಬ. ಆಫ್ ಮಾಡಿ ಆನ್ ಮಾಡಿದೆ, ಹೋಯಿತು. ಮೂರು ದಿನ ಬಿಟ್ಟು ಮತ್ತೆ. ಆ ವಾರ ಇನ್ನೆರಡು ಸಲ.

ವರ್ಕ್‌ಶಾಪ್‌ಗೆ ಬಿಟ್ಟೆ. ಸಂಜೆ ಫೋನ್ ಬಂತು: 'ಆಕ್ಚುಯೇಟರ್ ಅಸೆಂಬ್ಲಿ ಪೂರ್ತಿ ಚೇಂಜ್ ಮಾಡಬೇಕು ಸಾರ್, 52,000 ಆಗುತ್ತೆ, ಪಾರ್ಟ್ ಬರೋಕೆ ಹತ್ತು ದಿನ.' ವಾರಂಟಿ ಮುಗಿದಿತ್ತು. ಎಕ್ಸ್‌ಟೆಂಡೆಡ್ ವಾರಂಟಿ ತೆಗೆದುಕೊಳ್ಳಿ ಅಂತ ಶುರುವಿನಲ್ಲಿ ಹೇಳಿದ್ದರು, ಸುಮ್ನೆ ದುಡ್ಡು ಅಂತ ನಾನೇ ಬೇಡ ಅಂದಿದ್ದೆ. ಆ ರಾತ್ರಿ ನಿದ್ದೆ ಬರಲಿಲ್ಲ ಅಂದರೆ ನಂಬಿ. ಯಾವ ಭಾಗ ಕೆಟ್ಟಿದೆ ಅಂತ ಕೇಳಿದರೆ ಉತ್ತರ ಇಲ್ಲ. 'ಅಸೆಂಬ್ಲಿನೇ ಬರೋದು ಸಾರ್, ಬಿಡಿ ಭಾಗ ಲಿಸ್ಟಲ್ಲಿ ಇಲ್ಲ.'

ಕಾರು ವಾಪಸ್ ತಂದು ಯಶವಂತಪುರದ ಕಡೆ ಒಂದು ಸಣ್ಣ ಗ್ಯಾರೇಜಿಗೆ ಒಯ್ದೆ. ಅವರು ಬಾನೆಟ್ ತೆಗೆಯಲೇ ಇಲ್ಲ. ಇಂಜಿನ್ ಆಫ್, ಕೀ ಆನ್, ಬ್ರೇಕ್ ಒತ್ತಿಕೊಳ್ಳಿ ಅಂದರು. 'ಈಗ N ನಿಂದ D ಗೆ ಹಾಕಿ, ಮತ್ತೆ N, ಆಮೇಲೆ R. ಮೆಲ್ಲಗೆ. ಮಾತಾಡಬೇಡಿ, ಕೇಳಿಸಿಕೊಳ್ಳಿ.' ಪ್ರತಿ ಸಲ ಲಿವರ್ ಸರಿಸಿದಾಗಲೂ ಆ 'ಝೂಂ' ಸದ್ದು. ಒಂದು ಸರಿಸಿದರೆ ಒಂದು ಝೂಂ. 'ಪಂಪ್ ಚೆನ್ನಾಗಿದೆ ಸಾರ್. ಅದಕ್ಕೆ ಉಸಿರು ಬಿಡೋಕೆ ಟೈಮ್ ಸಿಗ್ತಿಲ್ಲ. ಅಕ್ಯುಮುಲೇಟರ್ ಹೋಗಿದೆ.'

ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಬಾಗಿಲು ತೆಗೆದಾಗ ಕೇಳುವ ಸದ್ದು ಒಂದು ಸಣ್ಣ ವಿದ್ಯುತ್ ಪಂಪಿನದು. ಅದು ಎಣ್ಣೆಯನ್ನು ಸುಮಾರು 40-50 ಬಾರ್ ಒತ್ತಡಕ್ಕೆ ಏರಿಸುತ್ತದೆ. ನಮ್ಮ ಟೈರಿನಲ್ಲಿ ಇರುವುದು ಎರಡು ಚಿಲ್ಲರೆ ಬಾರ್, ಅದಕ್ಕೆ ಹೋಲಿಸಿ. ಆ ಒತ್ತಡವನ್ನು ಹಿಡಿದಿಡುವುದು ಅಕ್ಯುಮುಲೇಟರ್ ಅನ್ನುವ, ಮುಷ್ಟಿಯಷ್ಟು ದಪ್ಪದ ಒಂದು ಡಬ್ಬಿ. ಒಳಗೆ ಒಂದು ಪದರ, ಅದರ ಒಂದು ಕಡೆ ಎಣ್ಣೆ, ಇನ್ನೊಂದು ಕಡೆ ನೈಟ್ರೋಜನ್ ಗ್ಯಾಸ್. ಗ್ಯಾಸ್ ಸ್ಪ್ರಿಂಗ್ ಥರ ಒತ್ತಿ ಹಿಡಿದಿರುತ್ತದೆ, ಹಾಗಾಗಿ ಒಂದು ಸಲ ಪಂಪ್ ಓಡಿದರೆ ಹಲವು ಸಲ ಗೇರ್ ಬದಲಿಸುವಷ್ಟು ಒತ್ತಡ ಜಮಾ ಇರುತ್ತದೆ. ವರ್ಷಗಳು ಕಳೆದ ಹಾಗೆ ಗ್ಯಾಸ್ ಸೋರಿ ಹೋದರೆ ಜಮಾ ಅನ್ನುವುದೇ ಇಲ್ಲ. ಪ್ರತಿ ಗೇರಿಗೂ ಪಂಪ್ ಓಡಬೇಕು. ಟ್ರಾಫಿಕ್‌ನಲ್ಲಿ ಬೇಗ ಬೇಗ ಗೇರ್ ಬಿದ್ದರೆ ಒತ್ತಡ ಸಾಲುವುದಿಲ್ಲ, ಕಂಪ್ಯೂಟರ್ ಕೈಚೆಲ್ಲಿ N ಮಿನುಗಿಸುತ್ತದೆ. ಹಾಗೇ ಬಿಟ್ಟರೆ ಓಡಿ ಓಡಿ ಪಂಪಿನ ಮೋಟಾರೂ ಸುಡುತ್ತದೆ. ಆಗ ನಿಜವಾಗಿಯೂ ದೊಡ್ಡ ಬಿಲ್.

ಎಣ್ಣೆ ಸೋರಿಕೆಯಿಂದಲೂ ಹೀಗೇ ಆಗಬಹುದು, ಹಾಗಾಗಿ ಆಕ್ಚುಯೇಟರ್ ಎಣ್ಣೆಯ ಸಣ್ಣ ಡಬ್ಬಿಯಲ್ಲಿ ಮಟ್ಟ ನೋಡಿದರು. ಸರಿ ಇತ್ತು. ಗೇರ್ ಆಯಿಲ್ ಬೇರೆ, ಇದು ಬೇರೆ, ಒಂದರ ಜಾಗಕ್ಕೆ ಇನ್ನೊಂದು ಹಾಕಿಸಬೇಡಿ. ಅಕ್ಯುಮುಲೇಟರ್ ಹೊರಗಿನ ಅಂಗಡಿಯಿಂದ ತರಿಸಿ ಹಾಕಿದರು. ಬಿಚ್ಚುವ ಮೊದಲು ಸ್ಕ್ಯಾನರ್‌ನಿಂದ ಒತ್ತಡ ಇಳಿಸಿದರು, ಇಲ್ಲದಿದ್ದರೆ ಎಣ್ಣೆ ಮುಖಕ್ಕೆ ಹಾರುತ್ತದಂತೆ. ಭಾಗ, ಎಣ್ಣೆ, ಕೂಲಿ ಎಲ್ಲ ಸೇರಿ 7,400. 52,000 ಎಲ್ಲಿ, 7,400 ಎಲ್ಲಿ!

ಅಲ್ಲಿಂದ ಈಚೆಗೆ N ಮಿನುಗಿಲ್ಲ. ಆದರೆ ಇದು ಕಂಪನಿಯ ಭಾಗ ಅಲ್ಲ, ಎಷ್ಟು ದಿನ ಬಾಳುತ್ತದೋ ಅನ್ನುವ ಅಳುಕು ನನಗಿದೆ.

ಸರ್ವಿಸ್ 28,500, ಗೇರ್‌ಬಾಕ್ಸ್ ಕಡೆಯದು 21,600, ಒಟ್ಟು 50,100. ಕಿಲೋಮೀಟರ್‌ಗೆ ಹತ್ತಿರ ಹತ್ತಿರ 96 ಪೈಸೆ. ಕೆಟ್ಟದೋ ಒಳ್ಳೆಯದೋ ನಿಮ್ಮ ಲೆಕ್ಕ ನೋಡದೆ ಹೇಗೆ ಹೇಳುವುದು?

ಅದಕ್ಕೇ ಕೇಳುತ್ತಿರುವುದು. ನಿಮ್ಮ ಮೊದಲ ಕ್ಲಚ್ ಎಷ್ಟು ಕಿಲೋಮೀಟರ್‌ಗೆ ಹೋಯಿತು, ಮತ್ತು ನೀವು ಓಡಿಸುವುದು ಊರೊಳಗೋ, ಹೈವೇಯಲ್ಲೋ, ಘಾಟಿಯಲ್ಲೋ? ಈ ಎರಡನೆಯದು ಇಲ್ಲದೆ ಮೊದಲನೆಯದಕ್ಕೆ ಬೆಲೆ ಇಲ್ಲ. ಹುಬ್ಬಳ್ಳಿ-ಬೆಂಗಳೂರು ಹೈವೇಯಲ್ಲೇ ಓಡಿಸಿ 'ನಂದು ಲಕ್ಷ ದಾಟಿದೆ, ಏನೂ ಆಗಿಲ್ಲ' ಅಂದರೆ ಖುಷಿಯೇ, ಆದರೆ ನನ್ನ ಉಪಯೋಗಕ್ಕೆ ಬರುವುದಿಲ್ಲ. ಆಕ್ಚುಯೇಟರ್ ಪೂರ್ತಿ ಬದಲಾಯಿಸಿದವರು ಇದ್ದೀರಾ? ಇದ್ದರೆ ಹಳೆಯದರಲ್ಲಿ ಕೆಟ್ಟದ್ದು ಏನು ಅಂತ ಯಾರಾದರೂ ಹೇಳಿದರಾ, ಹಳೆಯದನ್ನು ನಿಮಗೆ ವಾಪಸ್ ಕೊಟ್ಟರಾ? ಹೊರಗಿನ ಅಕ್ಯುಮುಲೇಟರ್ ಹಾಕಿಸಿ ಎರಡು ವರ್ಷ ದಾಟಿದವರು ಸಿಕ್ಕರಂತೂ ದಯವಿಟ್ಟು ಬರೆಯಿರಿ. ಎಕ್ಸ್‌ಟೆಂಡೆಡ್ ವಾರಂಟಿ ಇದ್ದವರಿಗೆ ಕ್ಲಚ್ ಪ್ಲೇಟ್ ಸವೆತದ ಭಾಗ ಅಂತ ಹೊರಗಿಟ್ಟರಾ, ಆಕ್ಚುಯೇಟರ್‌ಗಾದರೂ ಕೊಟ್ಟರಾ ಅನ್ನುವುದೂ ಬೇಕು. ಬಿಲ್ ನೋಡಿ ಬರೆದರೆ ಒಳ್ಳೆಯದು, ನೆನಪಿನಲ್ಲಿ ಎಲ್ಲ ಖರ್ಚೂ ಕಡಿಮೆಯೇ ಇರುತ್ತದೆ.

ಉತ್ತರ ಬರೆಯುವ ಮೊದಲು ಒಂದು ಸಣ್ಣ ಕೆಲಸ. ನಾಳೆ ಬೆಳಿಗ್ಗೆ ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಆಫ್ ಇಟ್ಟು ಕೀ ಮಾತ್ರ ಆನ್ ಮಾಡಿ, ಬ್ರೇಕ್ ಒತ್ತಿಕೊಂಡು N, D, N, R ಅಂತ ಸರಿಸುತ್ತಾ ಹೋಗಿ. ರೇಡಿಯೋ, ಫ್ಯಾನು ಆಫ್ ಇರಲಿ. ಒಂದು ಝೂಂ ಮುಗಿದು ಇನ್ನೊಂದು ಝೂಂ ಬರುವ ಮಧ್ಯೆ ಎಷ್ಟು ಸಲ ಸರಿಸಿದಿರಿ ಅಂತ ಎಣಿಸಿ, ಆ ಸಂಖ್ಯೆಯ ಜೊತೆ ನಿಮ್ಮ ಕಿಲೋಮೀಟರ್ ಬರೆಯಿರಿ. ನನ್ನದು ಜುಲೈನಲ್ಲಿ ಒಂದು, ಈಗ ಐದು.