ಅಡುಗೆ ಚಾನೆಲ್‌ಗೆ ಶಾರ್ಟ್ಸಾ, ಉದ್ದ ವಿಡಿಯೋನಾ?

ಅಕ್ಕಾ, ಯೂಟ್ಯೂಬ್ ಅಡುಗೆ ಚಾನೆಲ್‌ಗೆ ಶಾರ್ಟ್ಸ್ ಮಾಡ್ಲಾ, ಉದ್ದ ವಿಡಿಯೋ ಮಾಡ್ಲಾ ಅಂತ ನೀವು ಕೇಳಿದ್ರಲ್ಲ, ಮೊದ್ಲು ಲೆಕ್ಕ ನೋಡಿ. ಆ್ಯಡ್ ದುಡ್ಡು ಬರೋಕೆ 1000 ಸಬ್‌ಸ್ಕ್ರೈಬರ್ಸ್ ಬೇಕೇ ಬೇಕು, ಅದ್ರ ಜೊತೆ 12 ತಿಂಗಳಲ್ಲಿ 4000 ಗಂಟೆ ವಾಚ್ ಟೈಮ್, ಇಲ್ಲಾಂದ್ರೆ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವ್ಯೂಸ್. ಶಾರ್ಟ್ಸ್ ಫೀಡಲ್ಲಿ ನೋಡಿದ ಟೈಮು ಆ 4000ಕ್ಕೆ ಸೇರಲ್ಲ, ಎಷ್ಟೋ ಜನ ಇಲ್ಲೇ ಮೋಸ ಹೋಗೋದು.

ಉದ್ದದ್ದಕ್ಕೆ ಎಂಟು ನಿಮಿಷದ ವಿಡಿಯೋನ ಜನ ಸರಾಸರಿ ಮೂರು ನಿಮಿಷ ನೋಡಿದ್ರು ಅಂದ್ಕೊಳ್ಳಿ, 4000 ಗಂಟೆ ಆಗೋಕೆ 80,000 ವ್ಯೂಸ್ ಬೇಕು, ವರ್ಷಪೂರ್ತಿ ವಾರಕ್ಕೆರಡು ಹಾಕಿದ್ರೆ ವಿಡಿಯೋಗೆ ಹತ್ತಿರ ಹತ್ತಿರ 770, ಅಷ್ಟೇನೂ ಭಯ ಬೀಳೋ ನಂಬರಲ್ಲ.

ಶ್ರಮ ನೋಡಿದ್ರೆ ಶಾರ್ಟ್ಸೇ ಸುಲಭ, ಒಗ್ಗರಣೆ ಚಟಪಟ ಅನ್ನೋದನ್ನ ಫೋನಲ್ಲಿ ಹಿಡಿದ್ರೆ ಮುಗೀತು, ಹೊಸ ಮುಖಗಳಿಗೂ ಬೇಗ ತಲುಪತ್ತೆ. ಆದ್ರೆ ಬಾಳಿಕೆ ಉದ್ದದ್ದಕ್ಕೇ ಜಾಸ್ತಿ, ಯುಗಾದಿ ಹತ್ರ ಬಂದ್ರೆ ಹೋದ್ವರ್ಷದ ಹೋಳಿಗೆ ವಿಡಿಯೋನೂ ಸರ್ಚಲ್ಲಿ ಮತ್ತೆ ಎದ್ದು ಬರತ್ತೆ. ಅದಕ್ಕೆ ಟೈಟಲ್ ಸರಿ ಇರ್ಬೇಕು ಮಾತ್ರ. "ಅಮ್ಮನ ಕೈರುಚಿ ಸ್ಪೆಷಲ್" ಅಂತ ಯಾರ್ರೀ ಹುಡುಕ್ತಾರೆ? "ಹೋಳಿಗೆ ಒಡೆಯದ ಹಾಗೆ ಲಟ್ಟಿಸೋದು, ಕಣಕ ಹೂರಣದ ಅಳತೆ" ಅಂತ ಹಾಕಿ, ಕೊನೇಲಿ holige recipe in kannada ಸೇರಿಸಿ, ಹಾಗೇ ಟೈಪ್ ಮಾಡೋರೂ ಇದಾರೆ.

ವಾರಕ್ಕೆ ಒಂದಿನ ಬಿಡುವು ಸಿಗೋರಿಗೆ ಉದ್ದದ್ದು ಒಂದು, ಅದ್ರಿಂದಲೇ ಕತ್ತರಿಸಿದ ಶಾರ್ಟ್ಸ್ ಎರಡು, ಶಾರ್ಟ್ಸಿಂದ ಪೂರ್ತಿ ವಿಡಿಯೋಗೆ ಲಿಂಕು. ಕೈಗೂಸಿರೋ ಮನೇಲಿ ಸದ್ಯಕ್ಕೆ ಶಾರ್ಟ್ಸಿಂದ ಸಬ್‌ಸ್ಕ್ರೈಬರ್ಸ್ ಕೂಡಿಸ್ಕೊಳ್ಳೋದೇ ವಾಸಿ. ಹಳೇ ವಿಡಿಯೋ ಚೆನ್ನಾಗಿಲ್ಲ ಅಂತ ಪ್ರೈವೇಟ್ ಮಾಡ್ಬೇಡಿ, ಅದ್ರ ಗಂಟೆಗಳೂ ಲೆಕ್ಕದಿಂದ ಹೋಗ್ತವೆ.